ಫ್ಲೋರೋಸಿಸ್ ರೋಗಿಗೆ ಕೇರ್ ಪ್ಲಾನ್: ನರ್ಸಿಂಗ್ ವಿದ್ಯಾರ್ಥಿಗಳು ಬರೆಯುವ ಬಗೆ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ, ಅದರಲ್ಲೂ ಪಾವಗಡದಲ್ಲಿ, ಕೊಳವೆಬಾವಿ ನೀರಿನ ಫ್ಲೋರೈಡ್ ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರು ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿರುವ ಮಿತಿ. ಈ ಮಿತಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಬೆನ್ನುಹುರಿಯ ಸುತ್ತಲಿನ ಅಸ್ಥಿರಜ್ಜುಗಳೇ ಸುಣ್ಣಗಟ್ಟುತ್ತವೆ. ಕುತ್ತಿಗೆ, ಸೊಂಟ, ಮೊಣಕಾಲು ಬಿಗಿಯುತ್ತವೆ. ಇದೇ ಮೂಳೆಯ ಫ್ಲೋರೋಸಿಸ್.

ನರ್ಸಿಂಗ್ ವಿದ್ಯಾರ್ಥಿನಿಗೆ ಈ ರೋಗ ಒಂದು ಕಠಿಣ ಪರೀಕ್ಷೆ. ಗಟ್ಟಿಯಾದ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ವೈದ್ಯರು ರೋಗವನ್ನು ಹೆಸರಿಸಿ ನೋವಿನ ಮಾತ್ರೆ ಬರೆದ ನಂತರ ಉಳಿಯುವ ಕೆಲಸವೆಲ್ಲ ಬಹುತೇಕ ಶುಶ್ರೂಷೆಯದೇ. ಪುಸ್ತಕದಿಂದ ನಕಲು ಮಾಡಿದ ಕೇರ್ ಪ್ಲಾನ್ ಯಾವುದು, ರೋಗಿಯನ್ನು ನೋಡಿ ಬರೆದದ್ದು ಯಾವುದು ಎಂಬುದು ಇಲ್ಲಿ ಬೇಗ ಬಯಲಾಗುತ್ತದೆ.

ಉದಾಹರಣೆಗಾಗಿ ಒಂದು ಪ್ರಕರಣವನ್ನು ಕಲ್ಪಿಸಿಕೊಳ್ಳಬಹುದು. ಪಾವಗಡ ತಾಲ್ಲೂಕಿನ ಗ್ರಾಮವೊಂದರ 52 ವರ್ಷದ ಮಹಿಳೆ, ಕಡಲೆಕಾಯಿ ಹೊಲದ ಕೂಲಿ. ಮೂಳೆಯ ಫ್ಲೋರೋಸಿಸ್‌ ಎಂದು ಗುರುತಿಸಿ ಆಸ್ಪತ್ರೆಗೆ ದಾಖಲಿಸಿಕೊಳ್ಳಲಾಗಿದೆ.

ಮೊದಲ ಹಂತ ಅಸೆಸ್‌ಮೆಂಟ್, ಅಂದರೆ ಮಾಹಿತಿ ಸಂಗ್ರಹ. ರೋಗಿ ಹೇಳಿದ್ದು ಮತ್ತು ವಿದ್ಯಾರ್ಥಿನಿ ಕಂಡಿದ್ದು ಬೇರೆ ಬೇರೆಯಾಗಿ ದಾಖಲಾಗಬೇಕು. "ಬೆನ್ನು ಹಲಗೆಯಂಗೆ ಬಿಗ್ದದೆ, ಬೆಳಗ್ಗೆ ಎದ್ದೇಳಾಕೆ ಆಗಲ್ಲ" ಎಂಬ ಮಾತನ್ನು ಆಕೆಯ ನುಡಿಯಲ್ಲೇ ಬರೆಯುವುದು ಸರಿ. ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದಾಗ ಏಳು ಎಂದರೆ ಅದೂ ರೋಗಿಯ ಮಾತೇ. ಕಂಡಿದ್ದನ್ನು ತಿಳಿಯಲು ಯಾವ ಯಂತ್ರವೂ ಬೇಡ. ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಕೈಗಳನ್ನು ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು, ಈ ಮೂರನ್ನು ಮಾಡಿಸಿ ನೋಡಿದರೆ ಸಾಕು. "ಬಗ್ಗಲು ಕಷ್ಟ" ಎಂದು ಬರೆದರೆ ನಾಳೆ ಹೋಲಿಸಲು ಏನೂ ಉಳಿಯುವುದಿಲ್ಲ. "ಬೆರಳ ತುದಿ ಮೊಣಕಾಲಿನ ಬಳಿ ನಿಂತಿತು, ಗಲ್ಲಕ್ಕೂ ಎದೆಗೂ ನಾಲ್ಕು ಬೆರಳು ಅಂತರ" ಎಂದರೆ ಉಳಿಯುತ್ತದೆ.

ಕಾಲುಗಳಲ್ಲಿ ಜೋಮು, ಶಕ್ತಿಹೀನತೆ, ಮೂತ್ರದ ಮೇಲಿನ ಹಿಡಿತ ತಪ್ಪುವುದು ಇದೆಯೇ ಎಂದು ಪ್ರತಿ ಪಾಳಿಯಲ್ಲೂ ವಿಚಾರಿಸಬೇಕು. ಬೆಳೆದ ಮೂಳೆ ಬೆನ್ನುಹುರಿಯನ್ನು ಒತ್ತುತ್ತಿರುವ ಸೂಚನೆ ಅದು. ಹೊಸದಾಗಿ ಕಂಡುಬಂದರೆ ಕೇರ್ ಪ್ಲಾನ್ ಬದಿಗಿಟ್ಟು ಕೂಡಲೇ ವೈದ್ಯರಿಗೆ ತಿಳಿಸಬೇಕಾದ ವಿಷಯ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಪ್ರಶ್ನೆ ಮನೆಯ ನೀರಿನದು. ಈ ಪ್ರಕರಣದಲ್ಲಿ ಕೇಳಿದಾಗ ತಿಳಿದದ್ದು ಇಷ್ಟು: ಊರಿನಲ್ಲಿ ಶುದ್ಧ ನೀರಿನ ಘಟಕವಿದೆ. ಆದರೆ 20 ಲೀಟರ್ ಕ್ಯಾನ್ ಎಂದರೆ 20 ಕಿಲೋ ಭಾರ, ಅದನ್ನು ಆಕೆ ಎತ್ತಲಾರಳು. ಮಗ ತಂದ ನೀರು ಮೊಮ್ಮಕ್ಕಳಿಗೆ ಮೀಸಲು. ಆಕೆಯ ಕುಡಿಯುವ ನೀರು, ಮುದ್ದೆಯ ಎಸರು, ಟೀ ಎಲ್ಲವೂ ಕೊಳವೆಬಾವಿಯದೇ. ಮೊಮ್ಮಕ್ಕಳ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಅಥವಾ ಕಂದು ಅಡ್ಡಗೆರೆಗಳಿವೆಯೇ ಎಂಬುದನ್ನೂ ನೋಡುವುದು ಒಳ್ಳೆಯದು.

<b>ರೋಗದ ಹೆಸರು ನಿರ್ಣಯವಲ್ಲ</b>

ಎರಡನೆಯದು ಶುಶ್ರೂಷಾ ನಿರ್ಣಯ, ಅರ್ಥಾತ್ ನರ್ಸಿಂಗ್ ಡಯಾಗ್ನೋಸಿಸ್. ಅತಿ ಹೆಚ್ಚು ಅಂಕ ಕಳೆದುಹೋಗುವುದು ಇಲ್ಲೇ. "ಫ್ಲೋರೋಸಿಸ್" ಎಂದು ಬರೆದರೆ ಅದು ವೈದ್ಯರ ನಿರ್ಣಯದ ನಕಲು. ನರ್ಸ್ ಹೆಸರಿಸಬೇಕಾದುದು ತಾನು ಕೈಹಾಕಬಲ್ಲ ತೊಂದರೆಯನ್ನು, ಅದರ ಕಾರಣವನ್ನು ಮತ್ತು ಅದಿದೆ ಎನ್ನಲು ಸಿಕ್ಕ ಸಾಕ್ಷಿಯನ್ನು. ಅಮೆರಿಕದಲ್ಲಿ 1973ರಲ್ಲಿ ಆರಂಭವಾದ ವರ್ಗೀಕರಣದ ಪ್ರಯತ್ನದಿಂದ ಬೆಳೆದ ನಾಂಡಾ ಪಟ್ಟಿಯನ್ನು ಇಲ್ಲಿನ ಕಾಲೇಜುಗಳಲ್ಲೂ ಬಳಸುವುದುಂಟು.

ಈ ಮಹಿಳೆಗೆ ಮೂರು ನಿರ್ಣಯಗಳು ಸಾಕು. ಕೀಲು ಹಾಗೂ ಬೆನ್ನಿನ ಬಿಗಿತಕ್ಕೆ ಸಂಬಂಧಿಸಿದ ದೀರ್ಘಕಾಲದ ನೋವು, ಸಾಕ್ಷಿ ಹತ್ತಕ್ಕೆ ಏಳು. ನೋವು ಮತ್ತು ಬಿಗಿತದಿಂದ ಕುಂಠಿತವಾದ ಚಲನೆ, ಸಾಕ್ಷಿ ಬೇರೆಯವರ ನೆರವಿಲ್ಲದೆ ಏಳಲಾಗದಿರುವುದು. ಮೂರನೆಯದು ಸುರಕ್ಷಿತ ನೀರಿನ ಬಗ್ಗೆ ಅರಿವಿನ ಕೊರತೆ ಎಂದು ಬರೆಯುವ ಮುನ್ನ ಯೋಚಿಸಬೇಕು. ಘಟಕದ ನೀರು ಒಳ್ಳೆಯದೆಂದು ಆಕೆಗೆ ಗೊತ್ತಿದೆ, ಮೊಮ್ಮಕ್ಕಳಿಗೆ ಅದನ್ನೇ ಕೊಡುತ್ತಿದ್ದಾಳೆ. ಕೊರತೆ ಇರುವುದು ತರುವ ಕೈಯಲ್ಲಿ. ಆದ್ದರಿಂದ "ಭಾರ ಹೊರಲಾಗದ ಕಾರಣ ಮನೆಯಲ್ಲಿ ಆರೋಗ್ಯ ಕಾಪಾಡಿಕೊಳ್ಳುವಲ್ಲಿ ತೊಡಕು" ಎಂಬುದೇ ಸರಿಯಾದ ನಿರ್ಣಯ. ಇದನ್ನು ತಪ್ಪಿಸಿದರೆ ಮುಂದಿನ ಉಪದೇಶವೆಲ್ಲ ವ್ಯರ್ಥ.

ಗುರಿಯ ವಾಕ್ಯದಲ್ಲಿ ಕರ್ತೃ ರೋಗಿಯೇ ಆಗಿರಬೇಕು. "ನೋವು ಕಡಿಮೆ ಮಾಡುವುದು" ನರ್ಸ್‌ನ ಆಸೆ. "ಮೂರನೆಯ ದಿನದ ಸಂಜೆಗೆ ರೋಗಿಯು ನೋವನ್ನು ನಾಲ್ಕು ಅಥವಾ ಕಡಿಮೆ ಎಂದು ಹೇಳುವರು" ಎಂಬುದು ಗುರಿ. ನಾಲ್ಕನೆಯ ದಿನ ಊರುಗೋಲು ಹಿಡಿದು ತಾವೇ ಶೌಚಾಲಯಕ್ಕೆ ಹೋಗುವರು, ಬಿಡುಗಡೆಗೆ ಮುನ್ನ ಮನೆಗೆ ನೀರು ಯಾರು, ಎಷ್ಟು ತರುತ್ತಾರೆಂದು ತಾವೇ ವಿವರಿಸುವರು ಎಂಬುವೂ ಹಾಗೆಯೇ. ಬೆನ್ನು ಪೂರ್ತಿ ಬಗ್ಗುವುದೆಂಬ ಗುರಿ ಬರೆಯಬಾರದು. ಅದು ಈಡೇರದು.

ಆರೈಕೆ ಕ್ರಮಗಳಲ್ಲಿ ಏನು, ಯಾವಾಗ, ಏಕೆ ಎಂಬ ಮೂರೂ ಬೇಕು. ವೈದ್ಯರು ಸೂಚಿಸಿದ ನೋವಿನ ಮಾತ್ರೆಯನ್ನು ಊಟದ ನಂತರ, ನಡೆಸುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲು ಕೊಟ್ಟರೆ ನಡಿಗೆ ಹಗುರವಾಗುತ್ತದೆ. ಫ್ಲೋರೈಡ್ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕ. ನೋವಿನ ಮಾತ್ರೆಗಳಲ್ಲಿ ಹಲವು ಅದೇ ಅಂಗಕ್ಕೆ ಪೆಟ್ಟು ಕೊಡಬಲ್ಲವು. ಆದಕಾರಣ ಮೂತ್ರ ಕಡಿಮೆಯಾದರೆ, ಕಾಲು ಊದಿಕೊಂಡರೆ, ಮಲ ಕಪ್ಪಾದರೆ ವರದಿ ಮಾಡಬೇಕು. ಚರ್ಮ ಪರೀಕ್ಷಿಸಿ 15-20 ನಿಮಿಷ ಬಿಸಿ ಶಾಖ ಕೊಡಬಹುದು. ಬಿಗಿದ ಬೆನ್ನು, ಕುತ್ತಿಗೆಯನ್ನು ಬಲವಂತವಾಗಿ ಬಗ್ಗಿಸುವುದು ಮಾತ್ರ ಕೂಡದು.

ನೀರಿನ ವಿಚಾರದಲ್ಲಿ ಕ್ರಮ ಸರಳ. 20 ಲೀಟರ್ ಕ್ಯಾನಿನ ಬದಲು ಮಗ ಸೈಕಲ್ಲಿಗೆ ತೂಗುಹಾಕಬಹುದಾದ 10 ಲೀಟರಿನ ಎರಡು ಡಬ್ಬಗಳು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಇದನ್ನು ಹೇಳದಿದ್ದರೆ "ಕಾಯಿಸ್ಕೊಂಡು ಕುಡೀತೀನಿ" ಎಂಬ ಸಮಾಧಾನದಲ್ಲೇ ಆಕೆ ಮನೆಗೆ ಮರಳುತ್ತಾಳೆ.

<b>ಮೌಲ್ಯಮಾಪನವೆಂದರೆ ಸಹಿಯಲ್ಲ</b>

ಮೌಲ್ಯಮಾಪನದಲ್ಲಿ "ಮಾಹಿತಿ ನೀಡಲಾಯಿತು" ಎಂದು ಬರೆಯುವ ರೂಢಿ ಎಲ್ಲೆಡೆ ಇದೆ. ಅದು ನರ್ಸ್ ಮಾಡಿದ ಕೆಲಸದ ದಾಖಲೆ, ರೋಗಿಗೆ ಆದ ಪರಿಣಾಮದ್ದಲ್ಲ. ಗುರಿಯ ವಾಕ್ಯವನ್ನೇ ಎದುರಿಗಿಟ್ಟುಕೊಂಡು ಮತ್ತೆ ಅಳೆಯಬೇಕು. ಮೂರನೆಯ ದಿನ ನೋವು ನಾಲ್ಕು: ಗುರಿ ಈಡೇರಿತು. ನಾಲ್ಕನೆಯ ದಿನ ಊರುಗೋಲಿನೊಂದಿಗೆ ನಡೆದರೂ ಮಂಚದಿಂದ ಏಳಲು ಒಬ್ಬರ ಕೈ ಬೇಕಾಯಿತು: ಭಾಗಶಃ ಈಡೇರಿತು, ಮಂಚದ ಎತ್ತರ ಹೆಚ್ಚಿಸಿ ಇನ್ನೆರಡು ದಿನ ಮುಂದುವರಿಸಬೇಕು.

ನೀರಿನ ಬಗ್ಗೆ ಕೇಳಿದಾಗ ಆಕೆಯ ಉತ್ತರ, "ಕುಡಿಯಾಕೆ ಗಟಕದ್ದು ತರುಸ್ತೀನಿ. ಅಡುಗೆಗೆ ಬೋರಿಂದೇ ಸಾಕು." ಊರ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ ಎಂದಿಟ್ಟುಕೊಂಡರೆ, ದಿನಕ್ಕೆ ಮೂರು ಲೀಟರ್ ಕುಡಿಯುವವರ ದೇಹಕ್ಕೆ 9 ಮಿಲಿಗ್ರಾಂ ಸೇರುತ್ತದೆ. ಕುಡಿಯುವುದನ್ನು ಬದಲಿಸಿದರೂ ಮುದ್ದೆ, ಅನ್ನ, ಸಾರು, ಟೀಗಳ ಮೂಲಕ ಒಂದು ಲೀಟರ್ ಒಳಹೋದರೆ 3 ಮಿಲಿಗ್ರಾಂ ಉಳಿದೇ ಉಳಿಯಿತು. ಗುರಿ ಭಾಗಶಃ ಮಾತ್ರ ಈಡೇರಿದೆ. ಅಡುಗೆ ಮಾಡುವವಳು ಸೊಸೆ. ಹಾಗಾಗಿ ಪರಿಷ್ಕೃತ ಯೋಜನೆಯಲ್ಲಿ ಮರುದಿನದ ಭೇಟಿ ವೇಳೆಗೆ ಸೊಸೆಯನ್ನು ಕರೆಸಿ ಮಾತನಾಡುವುದು, ಅಡುಗೆಯ ನೀರನ್ನೂ ಸೇರಿಸಿ ದಿನಕ್ಕೆ ಎಷ್ಟು ಡಬ್ಬ ಬೇಕೆಂದು ಆಕೆಯಿಂದಲೇ ಲೆಕ್ಕ ಹಾಕಿಸುವುದು ಸೇರುತ್ತದೆ. ಪಾತ್ರೆ ತೊಳೆಯಲು, ಸ್ನಾನಕ್ಕೆ ಕೊಳವೆಬಾವಿ ನೀರನ್ನೇ ಬಳಸಬಹುದು ಎಂಬುದನ್ನೂ ಅದೇ ಸಾಲಿನಲ್ಲಿ ಬರೆಯಬೇಕು. ಇಲ್ಲದಿದ್ದರೆ ಡಬ್ಬದ ಲೆಕ್ಕ ಮನೆಯವರ ಕೈಮೀರುತ್ತದೆ.