ಮೂರು ಕಂತಿಗೆ ಒಂದೇ ಪಾವತಿ: ಮೌಲ್ಯ ಸಮೀಕರಣದಲ್ಲಿ ಲೆಕ್ಕದ ದಿನದ ಪ್ರಶ್ನೆ

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ ಸುತ್ತಿನಲ್ಲಿ ಅರಿಶಿನ ಬೆಳೆದವರ ಕೈಗೆ ದುಡ್ಡು ಸೇರುವುದು ಗೆಡ್ಡೆ ಕಿತ್ತು, ಬೇಯಿಸಿ, ಒಣಗಿಸಿ, ಮಾರಿದ ಮೇಲೆ. ಸಾಲದ ಕಂತುಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಕಂತುಗಳನ್ನೆಲ್ಲ ಸೇರಿಸಿ ಮಾರಾಟದ ಹೊತ್ತಿಗೆ ಒಂದೇ ಸಲ ಕಟ್ಟುವುದಾದರೆ, ಯಾರಿಗೂ ನಷ್ಟವಾಗದ ಮೊತ್ತ ಎಷ್ಟು?

ಒಂದು ಕಲ್ಪಿತ ಲೆಕ್ಕ ನೋಡೋಣ. ಜೂನ್ 1ರಂದು ಆದ ಒಪ್ಪಂದದಂತೆ ಆಗಸ್ಟ್ 1ಕ್ಕೆ 20,000, ನವೆಂಬರ್ 1ಕ್ಕೆ 30,000, ಏಪ್ರಿಲ್ 1ಕ್ಕೆ 40,000 ರೂಪಾಯಿ ಕೊಡಬೇಕು. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ, ಸರಳಬಡ್ಡಿ. ಫೆಬ್ರವರಿ 1ರಂದು ಎಲ್ಲವನ್ನೂ ತೀರಿಸಬೇಕೆಂದಿದೆ. ಆ ದಿನವನ್ನೇ ಲೆಕ್ಕದ ದಿನವಾಗಿ ಹಿಡಿದರೆ ಮೊದಲ ಕಂತು ಆರು ತಿಂಗಳು ಬೆಳೆದು 22,400 ಆಗುತ್ತದೆ. ಎರಡನೆಯದು ಮೂರು ತಿಂಗಳಿಗೆ 31,800. ಮೂರನೆಯದನ್ನು ಎರಡು ತಿಂಗಳು ಮುಂಚೆಯೇ ಕೊಡುವುದರಿಂದ ಅದು ಇಳಿಯಬೇಕು: 40,000 ÷ 1.04 = 38,462. ಒಟ್ಟು 92,662 ರೂಪಾಯಿ. ಇಲ್ಲಿ ಭಾಗಿಸುವ ಬದಲು ನೂರಕ್ಕೆ ನಾಲ್ಕನ್ನು ಕಳೆದು 38,400 ಎಂದು ಬರೆಯುವವರುಂಟು. ಅದು ತಪ್ಪು: 38,400ಕ್ಕೆ ಎರಡು ತಿಂಗಳ ಬಡ್ಡಿ ಸೇರಿಸಿದರೆ 39,936 ಆಗುತ್ತದೆಯೇ ಹೊರತು 40,000 ಆಗುವುದಿಲ್ಲ.

ಇನ್ನು ತೊಡಕಿನ ವಿಷಯ. ಕಟ್ಟುವ ದಿನ ಫೆಬ್ರವರಿ 1 ಆಗಿಯೇ ಇರಲಿ, ಕಂತುಗಳನ್ನು ತೂಗುವ ಲೆಕ್ಕದ ದಿನ ಮಾತ್ರ ಏಪ್ರಿಲ್ 1 ಆಗಲಿ. ಆಗ ಕಂತುಗಳು 23,200, 33,000, 40,000, ಒಟ್ಟು 96,200. ಅದನ್ನು 1.04ರಿಂದ ಭಾಗಿಸಿದರೆ ಸರಿಯಾಗಿ 92,500. ಜೂನ್ 1ರಂದು ತೂಗಿದರೆ 92,611. ಸಾಲ ಅದೇ, ದರ ಅದೇ, ಉತ್ತರ ಮೂರು. ಸರಳಬಡ್ಡಿಯಲ್ಲಿ ಬಡ್ಡಿಗೆ ಬಡ್ಡಿ ಇಲ್ಲ. ಆದ್ದರಿಂದ ಆಗಸ್ಟ್‌ನಿಂದ ನೇರ ಏಪ್ರಿಲ್‌ಗೆ ಹೋದರೆ 1.16 ಪಟ್ಟು, ಫೆಬ್ರವರಿಯಲ್ಲಿ ನಿಂತು ಮುಂದೆ ಹೋದರೆ 1.12 × 1.04, ಅಂದರೆ 1.1648 ಪಟ್ಟು. ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾದರೆ ಈ ಭೇದವಿಲ್ಲ. ಯಾವ ದಿನ ತೂಗಿದರೂ 92,806 ರೂಪಾಯಿಯೇ ಬರುತ್ತದೆ.

ಹಲವು ಸಾಲಪತ್ರಗಳನ್ನು ಒಂದಾಗಿಸುವ ಈ ಪ್ರಶ್ನೆ ಹೊಸತಲ್ಲ. ಪ್ರಾಚೀನ ಗಣಿತಜ್ಞ ಶ್ರೀಧರನಲ್ಲಿ ಅದಕ್ಕೆ 'ಏಕಪತ್ರೀಕರಣ' ಎಂದೇ ಹೆಸರು. ಬಡ್ಡಿದರ ಒಂದೇ ಇದ್ದರೆ ಆ ದಾರಿ ಅಸಲಿನ ತೂಕ ಕೊಟ್ಟ ಸರಾಸರಿ ಅವಧಿಗೆ ಬಂದು ನಿಲ್ಲುತ್ತದೆ. ನಮ್ಮ ಕಂತುಗಳಿಗೆ ಅದು 5,90,000 ÷ 90,000, ಸುಮಾರು 6.56 ತಿಂಗಳು; ಅಂದರೆ ಡಿಸೆಂಬರ್ 18ರ ಆಸುಪಾಸಿನಲ್ಲಿ ಬರಿಯ 90,000 ಕೊಟ್ಟರೆ ಸಾಲ ಚುಕ್ತಾ. ಬಾಯಿಲೆಕ್ಕಕ್ಕೆ ಇದು ಚೆಂದ. ಆದರೆ ಚಕ್ರಬಡ್ಡಿಯ ತಕ್ಕಡಿಯಲ್ಲಿ ಆ ದಿನದ ಬೆಲೆ ಸುಮಾರು 90,190. ಸರಾಸರಿ ದಿನ ಯಾವಾಗಲೂ ಸಾಲಗಾರನ ಕಡೆಗೇ ವಾಲುತ್ತದೆ. ಕಂತುಗಳ ನಡುವಿನ ಅಂತರ ಹೆಚ್ಚಿದಷ್ಟೂ ಆ ವಾಲುವಿಕೆ ಹೆಚ್ಚು.

ಹಳೆಯ ಕರಾರಿನ ಜಾಗಕ್ಕೆ ಹೊಸದನ್ನು ತರಲು 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಮು ಅವಕಾಶ ಕೊಡುತ್ತದೆ, ಎರಡೂ ಕಡೆಯವರು ಒಪ್ಪಿದರೆ. ಹೊಸ ಪತ್ರದಲ್ಲಿ ಮೊತ್ತ, ಕಟ್ಟುವ ದಿನ, ದರ ಇವುಗಳ ಜೊತೆಗೆ ಬಡ್ಡಿ ಸರಳವೋ ಚಕ್ರವೋ, ಸರಳವಾದರೆ ತೂಗಿದ ದಿನ ಯಾವುದು ಎಂಬುದನ್ನೂ ಬರೆಯಬೇಕು. ಇಲ್ಲದಿದ್ದರೆ ಮೇಲಿನ ಲೆಕ್ಕದಲ್ಲಿ 92,500 ಎನ್ನುವವನೂ 92,662 ಎನ್ನುವವನೂ ಇಬ್ಬರೂ ಸರಿಯೇ.