ಡಿಮ್ಯಾಟ್ ಅರ್ಜಿಯಲ್ಲಿ ‘ವಾರ್ಷಿಕ ಆದಾಯ’ ಅಂದ್ರೆ ಅಂಗಡಿಯ ವಹಿವಾಟಲ್ಲ: ಖಾತೆ ತೆರೆಯುವ ಮುನ್ನ ತಿಳಿದಿರಬೇಕಾದ್ದು

ಷೇರು ಕೊಳ್ಳಲು ಬೇಕಾದ ಡಿಮ್ಯಾಟ್ ಮತ್ತು ಟ್ರೇಡಿಂಗ್ ಖಾತೆಯನ್ನು ಈಗ ಮೊಬೈಲ್‌ನಲ್ಲೇ ತೆರೆಯಬಹುದು. ದಾಖಲೆ ಸರಿ ಇದ್ದರೆ ಅರ್ಜಿ ತುಂಬಲು ಅರ್ಧ ಗಂಟೆ ಸಾಕು. ಆದರೆ ತಾಲ್ಲೂಕು ಕೇಂದ್ರಗಳಲ್ಲಿ ಎಷ್ಟೋ ಜನ ಸೈಬರ್ ಸೆಂಟರ್‌ನವರಿಗೋ ಪರಿಚಯದ ಹುಡುಗನಿಗೋ ಫೋನ್ ಕೊಟ್ಟು ಇದನ್ನು ಮಾಡಿಸುತ್ತಾರೆ. ಒಟಿಪಿ ಹೇಳುವುದಷ್ಟೇ ಖಾತೆದಾರರ ಕೆಲಸ. ಮಧ್ಯೆ ಬರುವ ಉದ್ಯೋಗ, ಆದಾಯ, ಅನುಭವದ ಪ್ರಶ್ನೆಗಳಿಗೆ ಯಾವುದು ಟಿಕ್ ಆಯ್ತು ಅನ್ನೋದು ಅವರಿಗೇ ಗೊತ್ತಿರಲ್ಲ. ಮುಂದೆ ಆ ಖಾತೆಯಲ್ಲಿ ಏನೇನಕ್ಕೆ ಬಾಗಿಲು ತೆರೆಯುತ್ತದೆ ಅನ್ನೋದರಲ್ಲಿ ಈ ಟಿಕ್‌ಗಳದ್ದೇ ದೊಡ್ಡ ಪಾತ್ರ.

ಆದಾಯದ ಲೆಕ್ಕ ಹೀಗೆ

ಅರ್ಜಿಯಲ್ಲಿ ಆದಾಯವನ್ನು ಮೊತ್ತವಾಗಿ ಕೇಳುವುದಿಲ್ಲ, ಶ್ರೇಣಿಯಾಗಿ ಕೇಳುತ್ತಾರೆ. ಸಾಮಾನ್ಯವಾಗಿ 1 ಲಕ್ಷಕ್ಕಿಂತ ಕಡಿಮೆ, 1ರಿಂದ 5 ಲಕ್ಷ, 5ರಿಂದ 10 ಲಕ್ಷ, 10ರಿಂದ 25 ಲಕ್ಷ, 25 ಲಕ್ಷಕ್ಕೂ ಮೇಲೆ ಎಂದು ಇರುತ್ತದೆ. ಸಂಬಳದವರಿಗೆ ಇದು ಸುಲಭ. ಅಂಗಡಿಯವರು ತಪ್ಪುವುದು ಇಲ್ಲೇ.

ಹೋಬಳಿ ಊರಿನ ಒಂದು ಕಿರಾಣಿ ಅಂಗಡಿ ಅಂದುಕೊಳ್ಳೋಣ. ದಿನಕ್ಕೆ 8,000 ರೂಪಾಯಿ ಕೌಂಟರ್, ತಿಂಗಳಿಗೆ 26 ದಿನ ವ್ಯಾಪಾರ. ವರ್ಷಕ್ಕೆ 24.96 ಲಕ್ಷ ಆಯಿತು. ಫೋನ್‌ಪೇ, ಗೂಗಲ್‌ಪೇ ಸೇರಿ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಇದರ ದೊಡ್ಡ ಭಾಗ ಕಾಣುತ್ತದೆ. ಅದನ್ನು ನೋಡಿ ‘10ರಿಂದ 25 ಲಕ್ಷ’ ಎಂದು ಒತ್ತುವವರು ಇದ್ದಾರೆ. ಆದರೆ ಅದು ವಹಿವಾಟು, ಆದಾಯ ಅಲ್ಲ. ಸರಕಿನ ಮೇಲೆ ನೂರಕ್ಕೆ 12 ರೂಪಾಯಿ ಉಳಿದರೆ ವರ್ಷಕ್ಕೆ ಸುಮಾರು 3 ಲಕ್ಷ. ಅದರಲ್ಲಿ ತಿಂಗಳಿಗೆ 4,000 ಮಳಿಗೆ ಬಾಡಿಗೆ, 6,000 ಹುಡುಗನ ಸಂಬಳ, 1,000 ಕರೆಂಟ್ ಮತ್ತಿತರ ಖರ್ಚು ಕಳೆದರೆ ವರ್ಷಕ್ಕೆ 1.32 ಲಕ್ಷ ಹೋಯಿತು. ಕೈಗೆ ಉಳಿದದ್ದು 1.68 ಲಕ್ಷದ ಆಸುಪಾಸು. ಮನೆ ಬಾಡಿಗೆ ಅಂತ ತಿಂಗಳಿಗೆ 3,000 ಬರುತ್ತಿದ್ದರೆ ಅದನ್ನೂ ಸೇರಿಸಿ 2 ಲಕ್ಷ ಚಿಲ್ಲರೆ. ಸರಿಯಾದ ಶ್ರೇಣಿ ‘1ರಿಂದ 5 ಲಕ್ಷ’.

ಅರ್ಜಿಯಲ್ಲಿ ಇಂಗ್ಲಿಷ್‌ನಲ್ಲಿ ‘ಗ್ರಾಸ್ ಆ್ಯನ್ಯುಯಲ್ ಇನ್‌ಕಮ್’ ಎಂದು ಇರುವುದೇ ಈ ಗೊಂದಲಕ್ಕೆ ಒಂದು ಕಾರಣ. ಇಲ್ಲಿ ಗ್ರಾಸ್ ಅಂದರೆ ತೆರಿಗೆ ಕಟ್ಟುವ ಮುಂಚಿನದ್ದು, ಖರೀದಿ ಖರ್ಚು ಕಳೆಯುವ ಮುಂಚಿನದ್ದಲ್ಲ. ಐಟಿ ರಿಟರ್ನ್ ಸಲ್ಲಿಸುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ರಿಟರ್ನ್‌ನಲ್ಲಿ ‘ಗ್ರಾಸ್ ಟೋಟಲ್ ಇನ್‌ಕಮ್’ ಸಾಲಿನಲ್ಲಿರುವ ಮೊತ್ತ ನೋಡಿಕೊಂಡರೆ ಆಯಿತು. ಜಮೀನು ಇರುವವರು ಬೆಳೆ ಖರ್ಚು ಕಳೆದು ಉಳಿದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂದ ಮಾತ್ರಕ್ಕೆ ಅದು ಆದಾಯವೇ ಅಲ್ಲ ಅಂತಲ್ಲ.

ಉದ್ಯೋಗದ ಕಾಲಂನಲ್ಲಿ ಅಂಗಡಿಯವರು ‘ಬಿಸಿನೆಸ್’ ಆಯ್ಕೆ ಮಾಡಬೇಕು. ಅಂಗಡಿಯೂ ಜಮೀನೂ ಇದ್ದರೆ ಯಾವುದರಿಂದ ಹೆಚ್ಚು ಬರುತ್ತದೋ ಅದು. ಪತ್ನಿಯ ಹೆಸರಲ್ಲಿ ಖಾತೆ ತೆರೆಯುವಾಗ, ಅವರೇ ಕೌಂಟರ್‌ನಲ್ಲಿ ಕೂತು ಲೆಕ್ಕ ನೋಡುತ್ತಿದ್ದರೂ ಸ್ವಂತ ಆದಾಯ ಇಲ್ಲ ಎಂದಾದರೆ ‘ಹೌಸ್‌ವೈಫ್’ ಮತ್ತು ಕಡಿಮೆ ಶ್ರೇಣಿಯೇ ಸರಿ. ಆ ಕಾರಣಕ್ಕೆ ಅರ್ಜಿ ತಿರಸ್ಕಾರ ಆಗುವುದಿಲ್ಲ.

ಹೆಚ್ಚು ತೋರಿಸಿದರೆ ಏನಾಗುತ್ತದೆ?

ಷೇರು ಕೊಂಡು ಇಟ್ಟುಕೊಳ್ಳಲು ಆದಾಯದ ದಾಖಲೆ ಕೇಳುವುದಿಲ್ಲ. ಕೇಳುವುದು ಎಫ್ ಆ್ಯಂಡ್ ಒ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗ ತೆರೆಯಬೇಕಾದಾಗ. ಅದಕ್ಕೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್‌ನಂಥ ಯಾವುದಾದರೂ ಒಂದು ಸಾಕಾಗುತ್ತದೆ. ಅಂಗಡಿಯವರ ಮಟ್ಟಿಗೆ ಇದು ಎಚ್ಚರ ಇರಬೇಕಾದ ಜಾಗ. ಸ್ಟೇಟ್‌ಮೆಂಟ್‌ನಲ್ಲಿ ತಿಂಗಳಿಗೆ ಲಕ್ಷಗಟ್ಟಲೆ ಜಮೆ ಕಾಣುತ್ತದೆ, ಅದು ಸಗಟು ವ್ಯಾಪಾರಿಗೆ ಕೊಡಬೇಕಾದ ದುಡ್ಡು ಎಂಬುದು ಮಾತ್ರ ಕಾಣುವುದಿಲ್ಲ. ಹಾಗಾಗಿ ತಿಂಗಳಿಗೆ 17,000 ಉಳಿಯುವ ಮನುಷ್ಯನಿಗೂ ಈ ವಿಭಾಗ ಸಲೀಸಾಗಿ ತೆರೆದುಕೊಳ್ಳಬಹುದು.

ಅಲ್ಲಿ ಆಗುತ್ತಿರುವುದೇನು ಎಂಬುದನ್ನು ಷೇರುಪೇಟೆ ನಿಯಂತ್ರಕ ಸೆಬಿಯೇ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಎಫ್ ಆ್ಯಂಡ್ ಒ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ. ಸರಾಸರಿ ನಷ್ಟ ತಲಾ 2 ಲಕ್ಷ ರೂಪಾಯಿಯಷ್ಟು. ಮೇಲಿನ ಕಿರಾಣಿ ಅಂಗಡಿಗೆ ಅದು ಒಂದು ವರ್ಷದ ಪೂರ್ತಿ ದುಡಿಮೆ. ಖಾತೆ ಮಾಡಿಕೊಡುವವರು ‘ಎಲ್ಲಾ ಸೆಗ್ಮೆಂಟ್ ಆನ್ ಮಾಡಿಬಿಡ್ತೀನಿ, ಇದ್ರೆ ಇರ್ಲಿ’ ಎಂದರೆ ಬೇಡ ಎನ್ನುವುದೇ ಲೇಸು. ಈಕ್ವಿಟಿ ಮಾತ್ರ ಸಾಕು.

ಇದಕ್ಕೆ ಉಲ್ಟಾ ಮಾಡುವವರೂ ಇದ್ದಾರೆ. ಆದಾಯ ತೆರಿಗೆಯವರಿಗೆ ಗೊತ್ತಾಗುತ್ತೆ ಎಂದು ಹೆದರಿ ‘1 ಲಕ್ಷಕ್ಕಿಂತ ಕಡಿಮೆ’ ಒತ್ತುತ್ತಾರೆ. ಇದರಿಂದ ಏನೂ ಅಡಗುವುದಿಲ್ಲ. ಷೇರು ಮಾರಿದ್ದು, ಡಿವಿಡೆಂಡ್ ಬಂದಿದ್ದು ಪ್ಯಾನ್ ಮೂಲಕ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಗೆ ಹೇಗೂ ಹೋಗುತ್ತದೆ. ಬದಲಿಗೆ, ಕಡಿಮೆ ಆದಾಯ ತೋರಿಸಿದ ಖಾತೆಗೆ ಒಮ್ಮೆಲೇ 4 ಲಕ್ಷ ಬಂದರೆ ಹೊಂದಿಕೆಯಾಗದ ವ್ಯವಹಾರ ಎಂದು ಬ್ರೋಕರ್ ಕಂಪನಿ ದಾಖಲೆ ಕೇಳಬಹುದು. ಅಕ್ರಮ ಹಣ ತಡೆ ಕಾನೂನಿನಡಿ ಹೀಗೆ ಗಮನ ಇಡುವುದು ಅವರ ಹೊಣೆ.

ರಿಸ್ಕ್ ಪ್ರಶ್ನೆಗಳು

ಕೆಲವು ಆ್ಯಪ್‌ಗಳು, ಅದರಲ್ಲೂ ಸಲಹೆ ಕೊಡುವವು ಮತ್ತು ಮ್ಯೂಚುವಲ್ ಫಂಡ್ ಮಾರುವವು, ಐದಾರು ಪ್ರಶ್ನೆ ಕೇಳುತ್ತವೆ. ‘1 ಲಕ್ಷ ಹಾಕಿದ್ದು 80,000 ಆದರೆ ಏನು ಮಾಡ್ತೀರಿ?’ ಎಂಬುದು ಮಾಮೂಲಿ ಪ್ರಶ್ನೆ. ‘ಇನ್ನಷ್ಟು ಕೊಳ್ಳುತ್ತೇನೆ’ ಎಂಬ ಉತ್ತರ ಓದಲು ಚೆನ್ನಾಗಿರುತ್ತದೆ. 2020ರ ಜನವರಿಯಿಂದ ಮಾರ್ಚ್ 23ರ ಒಳಗೆ ಸೆನ್ಸೆಕ್ಸ್ ನೂರಕ್ಕೆ ಸುಮಾರು 38ರಷ್ಟು ಬಿದ್ದಿತ್ತು. 1 ಲಕ್ಷ ಇದ್ದದ್ದು 62,000. ಅದೇ ವಾರ ಲಾಕ್‌ಡೌನ್ ಆಗಿ ಎಷ್ಟೋ ಅಂಗಡಿಗಳ ಶಟರ್ ಎಳೆದಿತ್ತು. ದುಡ್ಡು ಬೇಕಾಗುವುದೂ, ಪೇಟೆ ಬೀಳುವುದೂ ಒಟ್ಟಿಗೇ ಬರಬಹುದು ಎಂದು ಇಟ್ಟುಕೊಂಡು ಉತ್ತರಿಸಬೇಕು.

‘ಈ ಹಣ ಯಾವಾಗ ಬೇಕು?’ ಎಂಬ ಪ್ರಶ್ನೆ ಅಂಗಡಿಯವರಿಗೆ ಇನ್ನೂ ಮುಖ್ಯ. ಜೂನ್‌ನಲ್ಲಿ ಖಾತೆಯಲ್ಲಿ 1.5 ಲಕ್ಷ ಸುಮ್ಮನೆ ಬಿದ್ದಂತೆ ಕಾಣುತ್ತದೆ. ಆದರೆ ಗಣೇಶನ ಹಬ್ಬಕ್ಕೆ, ದಸರೆ ದೀಪಾವಳಿಗೆ ಸರಕು ತುಂಬಲು ಅದೇ ಬೇಕು. ಅದು ಮೂರು ತಿಂಗಳ ಹಣ, ಐದು ವರ್ಷದ್ದಲ್ಲ. ಇಂಥ ಹಣವನ್ನು ಮನಸ್ಸಲ್ಲಿಟ್ಟುಕೊಂಡು ‘5 ವರ್ಷಕ್ಕೂ ಹೆಚ್ಚು’ ಎಂದು ಒತ್ತಿದರೆ ಆ್ಯಪ್ ತೋರಿಸುವ ಫಂಡ್‌ಗಳೆಲ್ಲ ಅತಿ ಹೆಚ್ಚು ರಿಸ್ಕ್‌ನವು ಆಗಿರುತ್ತವೆ. ಪ್ರತಿ ಮ್ಯೂಚುವಲ್ ಫಂಡ್‌ಗೂ ಆರು ಹಂತದ ರಿಸ್ಕ್ ಮೀಟರ್ ಇದೆ. ಶುದ್ಧ ಷೇರಿನ ಫಂಡ್‌ಗಳ ಮುಳ್ಳು ಸಾಮಾನ್ಯವಾಗಿ ಕೊನೆಯ ಹಂತದಲ್ಲೇ ನಿಂತಿರುತ್ತದೆ.

ಅನುಭವದ ಪ್ರಶ್ನೆಗೆ ಪಿಗ್ಮಿ, ಎಫ್‌ಡಿ, ಚೀಟಿ ಲೆಕ್ಕಕ್ಕಿಲ್ಲ. ಷೇರುಪೇಟೆಯ ಅನುಭವ ಇಲ್ಲದಿದ್ದರೆ ‘ಇಲ್ಲ’ ಅಂತಲೇ ಒತ್ತಬೇಕು. ಮುಂದೆ ಯಾರಾದರೂ ತಪ್ಪು ಯೋಜನೆ ಕಟ್ಟಿ ನಷ್ಟವಾಗಿ ದೂರು ಕೊಡುವ ಸಂದರ್ಭ ಬಂದರೆ, ‘ಮೂರು ವರ್ಷ ಅನುಭವ ಇದೆ ಅಂತ ಇವರೇ ಸಹಿ ಮಾಡಿದ್ದಾರೆ’ ಎಂಬ ಕಾಗದ ಎದುರಿಗೆ ಬರುತ್ತದೆ.

ಗುರುತಿನ ಪರಿಶೀಲನೆ

ಪ್ಯಾನ್, ಆಧಾರ್, ಆಧಾರ್‌ಗೆ ಜೋಡಣೆಯಾದ ಮೊಬೈಲ್ ನಂಬರ್, ಸ್ವಂತ ಹೆಸರಿನ ಬ್ಯಾಂಕ್ ಖಾತೆ, ಇಷ್ಟು ಬೇಕು. ಆಧಾರ್‌ನಲ್ಲಿ ಹಳೇ ನಂಬರ್ ಇದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಬದಲಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಡಿಜಿಲಾಕರ್‌ಗೂ ಕೊನೆಯ ಇ-ಸೈನ್‌ಗೂ ಒಟಿಪಿ ಅದಕ್ಕೇ ಬರುತ್ತದೆ. ಪ್ಯಾನ್ ಮತ್ತು ಆಧಾರ್ ಲಿಂಕ್ ಆಗಿದೆಯೇ ಎಂಬುದನ್ನು incometax.gov.in ನಲ್ಲಿ ನೋಡಬಹುದು.

ನಮ್ಮ ಕಡೆ ಅರ್ಜಿ ನಿಲ್ಲುವುದು ಹೆಚ್ಚಾಗಿ ಹೆಸರಿನಿಂದ. ಆಧಾರ್‌ನಲ್ಲಿ ಇನಿಷಿಯಲ್ ಇರುತ್ತದೆ, ಪ್ಯಾನ್‌ನಲ್ಲಿ ಅದೇ ತಂದೆಯ ಪೂರ್ತಿ ಹೆಸರಾಗಿರುತ್ತದೆ. ಒಂದರಲ್ಲಿ Manjunath, ಇನ್ನೊಂದರಲ್ಲಿ Manjunatha. ಸಣ್ಣ ವ್ಯತ್ಯಾಸ ದಾಟಿ ಹೋಗಬಹುದು, ದೊಡ್ಡದಾದರೆ ಯಾವುದಾದರೂ ಒಂದನ್ನು ತಿದ್ದಿಸಬೇಕು. ಆಧಾರ್‌ನಲ್ಲಿ ಹೆಸರು ಬದಲಾವಣೆಗೆ ಜೀವಮಾನದಲ್ಲಿ ಎರಡೇ ಅವಕಾಶ. ಆದ್ದರಿಂದ ಯಾವ ಕಾರ್ಡಿನ ಹೆಸರು ಮಾರ್ಕ್ಸ್‌ಕಾರ್ಡ್, ಪಹಣಿಗೆ ಹೊಂದುತ್ತದೆ ಎಂದು ನೋಡಿಕೊಂಡೇ ತಿದ್ದಿಸುವುದು ವಾಸಿ.

ಬ್ಯಾಂಕ್ ಖಾತೆ ಪರಿಶೀಲಿಸಲು ಕಂಪನಿಯವರು ಅದಕ್ಕೆ 1 ರೂಪಾಯಿ ಹಾಕಿ, ಯಾರ ಹೆಸರಲ್ಲಿದೆ ಎಂದು ನೋಡುತ್ತಾರೆ. ಅಂಗಡಿ ಹೆಸರಿನ ಕರೆಂಟ್ ಅಕೌಂಟ್ ಕೊಟ್ಟರೆ ‘ಟ್ರೇಡರ್ಸ್’ ಎಂದು ಬರುತ್ತದೆ, ಪ್ಯಾನ್‌ನ ಹೆಸರಿಗೆ ಹೊಂದುವುದಿಲ್ಲ, ಅರ್ಜಿ ನಿಲ್ಲುತ್ತದೆ. ಉಳಿತಾಯ ಖಾತೆಯನ್ನೇ ಕೊಡಬೇಕು. ಸೆಲ್ಫಿ ತೆಗೆಯುವಾಗ ಲೊಕೇಶನ್ ಆನ್ ಇರಬೇಕು, ಕೆಲವರು ಪರದೆ ಮೇಲೆ ಬರುವ ಅಂಕಿಯನ್ನು ಕಾಗದದಲ್ಲಿ ಬರೆದು ಹಿಡಿಯಲು ಹೇಳುತ್ತಾರೆ. ಸಹಿಯನ್ನು ಬಿಳಿ ಹಾಳೆ ಮೇಲೆ ಪೆನ್ನಿನಿಂದ ಮಾಡಿ ಫೋಟೊ ತೆಗೆದರೆ ಸ್ಪಷ್ಟ ಬರುತ್ತದೆ.

ಮೊಬೈಲ್ ಮತ್ತು ಇಮೇಲ್ ಕಾಲಂನಲ್ಲಿ ಸೈಬರ್ ಸೆಂಟರ್‌ನವರದ್ದು ಹಾಕಿಸಲೇಬಾರದು. ಇಮೇಲ್ ಇಲ್ಲ ಎಂದು ಅವರದ್ದನ್ನೇ ಹಾಕುವ ರೂಢಿ ಇದೆ. ಖಾತೆಯ ಸ್ಟೇಟ್‌ಮೆಂಟ್, ಪಾಸ್‌ವರ್ಡ್ ಬದಲಾವಣೆ ಎಲ್ಲ ಅಲ್ಲಿಗೇ ಹೋಗುತ್ತದೆ.

ಇ-ಸೈನ್‌ಗೆ ಮುಂಚೆ ತುಂಬಿದ ಅರ್ಜಿ ಪಿಡಿಎಫ್ ಆಗಿ ಬರುತ್ತದೆ. ಇಪ್ಪತ್ತು ಮೂವತ್ತು ಪುಟ ಇದ್ದರೂ ಪೂರ್ತಿ ಓದಬೇಕಿಲ್ಲ. ಉದ್ಯೋಗ, ಆದಾಯ ಶ್ರೇಣಿ, ಮೊಬೈಲ್, ಇಮೇಲ್, ಆಯ್ಕೆಯಾದ ಸೆಗ್ಮೆಂಟ್, ನಾಮಿನಿ, ಈ ಆರು ನೋಡಿಯೇ ಒಟಿಪಿ ಹಾಕಬೇಕು. ಕೊಟ್ಟ ಮಾಹಿತಿ ನಿಜ ಎಂಬ ಘೋಷಣೆಯೂ ಅದರಲ್ಲೇ ಇರುತ್ತದೆ.

ಖಾತೆ ತೆರೆದಾಗ 16 ಅಕ್ಷರದ ಡಿಮ್ಯಾಟ್ ಸಂಖ್ಯೆ ಸಿಗುತ್ತದೆ. ಸಿಡಿಎಸ್‌ಎಲ್‌ನದ್ದಾದರೆ ಬರೀ ಅಂಕಿ, ಎನ್‌ಎಸ್‌ಡಿಎಲ್‌ನದ್ದಾದರೆ IN ಎಂದು ಶುರು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಲಿಂಕ್‌ನಿಂದ ಇಳಿಸಿಕೊಂಡ ಆ್ಯಪ್, ಇಂಥ ಸಂಖ್ಯೆಯನ್ನೇ ಕೊಡದೆ ಯಾರದೋ ವೈಯಕ್ತಿಕ ಖಾತೆಗೆ ಹಣ ಹಾಕಲು ಹೇಳಿದರೆ ಅದು ವಂಚನೆ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು.

ಈಗಾಗಲೇ ಬೇರೆಯವರಿಂದ ಮಾಡಿಸಿದ ಖಾತೆ ಇದ್ದರೆ ಆ್ಯಪ್‌ನ ಪ್ರೊಫೈಲ್ ತೆರೆದು ಏನು ತುಂಬಿದ್ದಾರೆ ಎಂದು ನೋಡಬಹುದು. ಆದಾಯ ಶ್ರೇಣಿ, ಇಮೇಲ್, ಮೊಬೈಲ್ ತಿದ್ದಲು, ಬೇಡದ ಸೆಗ್ಮೆಂಟ್ ಮುಚ್ಚಲು ಅಲ್ಲೇ ಅವಕಾಶ ಇರುತ್ತದೆ. ಸಿಗದಿದ್ದರೆ ಕಂಪನಿಯ ಗ್ರಾಹಕ ಸೇವೆಗೆ ಇಮೇಲ್ ಹಾಕಬೇಕು. ಅಲ್ಲೂ ಆಗದಿದ್ದರೆ ಸೆಬಿಯ ದೂರು ತಾಣ scores.sebi.gov.in ಇದೆ.