ಹಣೆ ಮೊದಲು, ಮಾರಿ ಕೊನೆಗೆ: ವಿಡಿಯೋದಲ್ಲಿ ಮುಖ ಬದಲಿಸೋದರ ಇತಿಹಾಸ

(1/4)
ದೋಸ್ತರೇ, 2016ರ ಅಕ್ಟೋಬರ್‌ನಲ್ಲಿ 'ನಾಗರಹಾವು' ಸಿನಿಮಾ ಬಂದಾಗ ನಾವೆಲ್ಲ ಪ್ರೈಮರಿ ಶಾಲೆ ಹುಡುಗರು. 1972ರಲ್ಲಿ ಪುಟ್ಟಣ್ಣ ಕಣಗಾಲರು ಮಾಡಿದ್ದಲ್ಲ, ಕೋಡಿ ರಾಮಕೃಷ್ಣ ಮಾಡಿದ್ದು. ವಿಷ್ಣುವರ್ಧನ್ ತೀರಿಕೊಂಡಿದ್ದು 2009ರ ಡಿಸೆಂಬರ್ 30ಕ್ಕೆ. ಏಳು ವರ್ಷ ಆದಮೇಲೆ ಅವರು ಮತ್ತೆ ಪರದೆ ಮೇಲೆ ಬಂದರು. ಮೈ ಬೇರೊಬ್ಬರದು, ಅದರ ಮೇಲೆ ಮಕುಟ ಅನ್ನೋ ಗ್ರಾಫಿಕ್ಸ್ ಸಂಸ್ಥೆಯವರು ಕಂಪ್ಯೂಟರಿನಲ್ಲಿ ಮಾಡಿದ ದಾದಾ ಅವರ ತಲೆ.

ಮುಖ ಅವರಂಗೇ ಅದನೋ ಇಲ್ಲೋ ಅಂತ ಎಲ್ಲರೂ ಮಾತಾಡ್ತಾರೆ. ನನಗೆ ಅದಕ್ಕಿಂತ ಕುತ್ತಿಗೆ ಮೇಲೆ ಕುತೂಹಲ. ಮೈ ಎಡಕ್ಕೆ ವಾಲಿದ ಕ್ಷಣಕ್ಕೇ ತಲೆಯೂ ಅಷ್ಟೇ ವಾಲಬೇಕು. ನಾಲ್ಕೈದು ಪಿಕ್ಸೆಲ್ ಹಿಂದೆ ಉಳಿದರೂ ಸಾಕು, ಎಷ್ಟೇ ಚಂದದ ಮುಖ ಇರಲಿ, ಅದು ಜಾತ್ರೇಲಿ ಮಾರೋ ಮುಖವಾಡ ಆಗಿಬಿಡ್ತದೆ. ವಿಷ್ಣುವರ್ಧನ್ ಅವರನ್ನ ನೂರಾರು ಸಿನಿಮಾದಲ್ಲಿ ನೋಡಿದ ಅಭಿಮಾನಿಗೆ ಅದು ಥಟ್ಟನೆ ಗೊತ್ತಾಗ್ತದೆ. ಹಂಗಾಗಿ ಇವತ್ತು ಮುಖ ಮಾಡೋದರ ಬಗ್ಗೆ ಬರೀತಾ ಇಲ್ಲ, ಅದನ್ನ ಅಂಟಿಸೋದರ ಬಗ್ಗೆ ಬರೀತೀನಿ.

(2/4)
1993ರ 'ಜುರಾಸಿಕ್ ಪಾರ್ಕ್' ನೋಡಿರ್ತೀರಿ. ಸೀಲಿಂಗಿನಿಂದ ಹುಡುಗಿ ಜೋತುಬಿದ್ದಾಗ ಕೆಳಗಿಂದ ಡೈನೋಸಾರ್ ಹಾರ್ತದಲ್ಲ, ಅಲ್ಲಿ ಜೋತಾಡಿದ್ದು ಸ್ಟಂಟ್ ಕಲಾವಿದೆ. ಆಕೆ ಮುಖ ಕ್ಯಾಮೆರಾಕ್ಕೆ ಕಂಡುಬಿಟ್ಟಿತು. ಅದರ ಮೇಲೆ ನಟಿ ಅರಿಯಾನಾ ರಿಚರ್ಡ್ಸ್ ಮುಖ ಕೂರಿಸಿದರು. 'ಗ್ಲಾಡಿಯೇಟರ್' ಶೂಟಿಂಗ್ ನಡೀತಿದ್ದಾಗ, 1999ರ ಮೇ 2ರಂದು ಆಲಿವರ್ ರೀಡ್ ತೀರಿಕೊಂಡರು. ಉಳಿದ ದೃಶ್ಯಗಳಿಗೆ ಬದಲಿ ನಟನ ಮೈ ಮೇಲೆ ರೀಡ್ ಮುಖ ತಂದು ಸಿನಿಮಾ ಮುಗಿಸಿದರು.

ಹಳೇ ದಾರಿ ಪಾಯಿಂಟ್ ಟ್ರ್ಯಾಕಿಂಗ್. ಮುಖದ ಮೇಲಿನ ಒಂದು ಮಚ್ಚೆಯನ್ನ ತೋರಿಸಿದರೆ ಕಂಪ್ಯೂಟರ್ ಮುಂದಿನ ಫ್ರೇಮಿನಲ್ಲಿ ಅದನ್ನ ಹುಡುಕ್ತದೆ. ಒಂದು ಚುಕ್ಕೆಯಿಂದ ಮುಖ ಎಲ್ಲಿಗೆ ಸರೀತು ಅಂತ ಮಾತ್ರ ಗೊತ್ತಾಗ್ತದೆ. ಎರಡು ಇದ್ದರೆ ಎಷ್ಟು ವಾಲಿತು, ಎಷ್ಟು ಹತ್ತಿರ ಬಂತು ಅನ್ನೋದೂ ಸಿಗ್ತದೆ. ಮುಖ ಓರೆಯಾದದ್ದು ತಿಳೀಬೇಕಂದ್ರ ನಾಲ್ಕು ಬೇಕು. ಆ ನಾಲ್ಕರಲ್ಲಿ ಒಂದರ ಮೇಲೆ ಕೂದಲು ಬಿತ್ತೋ, ಲೆಕ್ಕ ಕೆಟ್ಟಿತು.

ಪ್ಲೇನಾರ್ ಟ್ರ್ಯಾಕಿಂಗ್ ಚುಕ್ಕೆ ಬಿಟ್ಟು ಒಂದಿಡೀ ಸಪಾಟು ತುಂಡನ್ನ ಹಿಡೀತದೆ. ಬೇರು 1981ರಲ್ಲಿದೆ. ಬ್ರೂಸ್ ಲೂಕಾಸ್ ಮತ್ತು ತಕೆಯೊ ಕನಾಡೆ ಒಂದು ಪ್ರಬಂಧ ಬರೆದರು: ಎರಡು ಚಿತ್ರ ಒಂದರ ಮೇಲೊಂದು ಇಟ್ಟು, ಎಷ್ಟು ಸರಿಸಿದರೆ ಬೆಳಕಿನ ವ್ಯತ್ಯಾಸ ಅತಿ ಕಡಿಮೆ ಆಗ್ತದೆ ಅಂತ ಲೆಕ್ಕ ಹಾಕೋ ದಾರಿ. ಅವರ ತಲೇಲಿ ಸಿನಿಮಾ ಇರಲಿಲ್ಲ, ಎರಡು ಕ್ಯಾಮೆರಾದಿಂದ ದೂರ ಅಳೆಯೋದಿತ್ತು. ಅದೇ ವಿಚಾರ ಬೆಳೆದು, ತುಂಡಿನ ಸಾವಿರಾರು ಪಿಕ್ಸೆಲ್ ಸೇರಿ ಎಂಟು ಸಂಖ್ಯೆ ಕೊಡೋ ಹಂತಕ್ಕೆ ಬಂತು. ಸರಿದದ್ದು, ವಾಲಿದ್ದು, ಹಿಗ್ಗಿದ್ದು, ಓರೆಯಾದದ್ದು ಎಲ್ಲ ಆ ಎಂಟರೊಳಗೇ ಇರ್ತದೆ. ಇದನ್ನ ಸಿನಿಮಾ ಎಡಿಟರ್‌ಗಳ ಕೈಗೆ ಕೊಟ್ಟವರು ಬ್ರಿಟನ್ನಿನ ಇಮ್ಯಾಜಿನಿಯರ್ ಸಿಸ್ಟಮ್ಸ್, ಮೋಕಾ ಅನ್ನೋ ಸಾಫ್ಟ್‌ವೇರಿನಿಂದ. 2008ರಲ್ಲಿ ಅದು ಆಫ್ಟರ್ ಎಫೆಕ್ಟ್ಸ್ ಜೊತೆಗೇ ಬರೋಕೆ ಶುರುವಾಯ್ತು. 2013ರಲ್ಲಿ ಆಸ್ಕರ್ ಅಕಾಡೆಮಿ ಅದಕ್ಕೆ ತಾಂತ್ರಿಕ ಪ್ರಶಸ್ತಿ ಕೊಟ್ಟಿತು. ಈಗ ಪುಕ್ಕಟೆ ಸಿಗೋ ಬ್ಲೆಂಡರಿನಲ್ಲೂ ಇಂಥದ್ದೊಂದು ಇದೆ. ಬಿಕಾಂ ಹುಡುಗನ ಲ್ಯಾಪ್‌ಟಾಪಿಗೆ ಸಾಕು.

(3/4)
ಈಗ ಕಮಲಾಪುರಕ್ಕೆ ಬನ್ನಿ. ನಮ್ಮ ಕಿರುಚಿತ್ರದ ಹೀರೋಗೆ ಪುಣೆಯಲ್ಲಿ ಕೆಲಸ ಸಿಕ್ಕು ಹೋದ. ಕೆಂಪು ಬಾಳೆ ತೋಟದಲ್ಲಿ ನಡೆಯೋ ಆರು ಸೆಕೆಂಡಿನ ಶಾಟ್ ಉಳೀತು. ಅವನ ತಮ್ಮ ನಡೆದ, ನಾನು ಫೋನ್ ಹಿಡಿದು ಹಿಮ್ಮುಖ ನಡೆದೆ. ಅಣ್ಣನ ಮುಖ ಹಾಕೋದಕ್ಕೆ ಇಬ್ಬರೂ ಒಪ್ಪಿದ್ದರು. ನೋಡೋರು ಯಾರು? ಅವನ ಜೊತೆ ಮೂರು ವರ್ಷ ಬೆಂಚು ಹಂಚಿಕೊಂಡ ಕಲಬುರಗಿ ಹುಡುಗರು, ಮೇಲೆ ಅವನ ಅವ್ವ. ದಾದಾ ಅಭಿಮಾನಿಗಳಷ್ಟೇ ಕಠಿಣ ಜನ.

ಸೆಕೆಂಡಿಗೆ 25 ಫ್ರೇಮ್ ಅಂದರೆ ಒಟ್ಟು 150 ಫ್ರೇಮ್. ಹೆಜ್ಜೆ ಹೆಜ್ಜೆಗೂ ಕುಲುಕಾಟ. ಮೊದಲು ಸ್ಟೆಬಿಲೈಸ್ ಮಾಡಿ, ಹೊಸ ಫೈಲಾಗಿ ಉಳಿಸಿ, ಆಮೇಲೆ ಆ ಫೈಲಿನಲ್ಲೇ ಟ್ರ್ಯಾಕ್ ಮಾಡಬೇಕು. ಈ ಕ್ರಮ ಯಾಕಂದ್ರ ಟ್ರ್ಯಾಕಿಂಗ್ ಕೊಡೋ ಸಂಖ್ಯೆಗಳು ಒಂದು ಫೈಲಿನ ಪಿಕ್ಸೆಲ್ ಜಾಗಗಳು. ಟ್ರ್ಯಾಕ್ ಆದಮೇಲೆ ಚಿತ್ರವನ್ನೇ ಸರಿಸಿದರೆ ಸಂಖ್ಯೆ ಹಳೇ ಜಾಗ ತೋರಿಸ್ತದೆ, ಮುಖ ಪಕ್ಕದ ಬಾಳೆ ಎಲೆ ಮೇಲೆ ಹೋಗಿ ಕೂತಿರ್ತದೆ.

ಸ್ಟೆಬಿಲೈಸ್ ಮಾಡುವಾಗ ಒಂದು ಆಯ್ಕೆ ಮುಖ್ಯ. ಆಫ್ಟರ್ ಎಫೆಕ್ಟ್ಸ್‌ನ `Warp Stabilizer` ತಾನಾಗಿ `Subspace Warp` ಅನ್ನೋ ವಿಧಾನ ಹಿಡೀತದೆ. ಅದು ಫ್ರೇಮಿನ ಬೇರೆ ಬೇರೆ ಭಾಗವನ್ನ ಬೇರೆ ಬೇರೆ ರೀತಿ ಎಳೀತದೆ. ಕಣ್ಣಿಗೆ ನುಣ್ಣಗೆ ಕಾಣ್ತದೆ, ಆದರೆ ಹಣೆ ರಬ್ಬರಿನಂಗೆ ಆಗಿರ್ತದೆ. ರಬ್ಬರನ್ನ ಸಪಾಟು ತುಂಡು ಅಂತ ಟ್ರ್ಯಾಕ್ ಮಾಡೋಕಾಗಲ್ಲ. `Position, Scale, Rotation` ಇಟ್ಟರೆ ಇಡೀ ಫ್ರೇಮ್ ಒಂದೇ ಹಲಗೆಯಂಗೆ ಸರೀತದೆ. ಅಂಚು ಕತ್ತರಿಸಿ ಹೋಗ್ತದೆ ಅನ್ನೋ ಚಿಂತೆ ಬೇಡ. ಫೋರ್-ಕೆ ಚಿತ್ರದ ಎತ್ತರ 2160 ಪಿಕ್ಸೆಲ್. ಮೇಲೆ 60, ಕೆಳಗೆ 60 ಕುಣಿದರೂ 2040 ಉಳೀತದೆ, ನಮಗೆ ಬೇಕಾಗಿದ್ದು 1080.

ಸ್ಟೆಬಿಲೈಸ್ ಆದರೂ ಹೋಗದೇ ಇರೋದು ಕಲೆಸಿಕೊಂಡ ಚಿತ್ರ. ಶಟರ್ 1/50 ಸೆಕೆಂಡ್ ಇದ್ದರೆ ಹೆಜ್ಜೆ ಬಿದ್ದ ಫ್ರೇಮಿನಲ್ಲಿ ಕಣ್ಣು ಮೂಗು ಗೀಚಿದಂಗೆ ಬರ್ತದೆ. ಫ್ರೇಮ್ ನೆಟ್ಟಗೆ ನಿಂತ ಮೇಲೂ ಆ ಗೀಚು ಹಂಗೇ ಉಳಿದು, ಮುಖ ಮಿಣುಕು ಮಿಣುಕು ಅಂತದೆ. ಅದಕ್ಕೇ ಬಿಸಿಲು ಇದ್ದಾಗ 1/200 ಇಟ್ಟು, ಫೋನಿನ ಡಿಜಿಟಲ್ ಸ್ಟೆಬಿಲೈಸರ್ ಆಫ್ ಮಾಡಿ ತೆಗೆದದ್ದು. ನಮ್ಮೂರಿನ ಬಿಸಿಲು ಇಂಥದ್ದಕ್ಕಾದರೂ ಬಂತು ಬಿಡ್ರಿ.

(4/4)
ಟ್ರ್ಯಾಕ್ ಮಾಡೋಕೆ ಇಡೀ ಮುಖ ಆರಿಸಬಾರದು. ತುಟಿ ಮಾತಾಡ್ತದೆ, ರೆಪ್ಪೆ ಬಡೀತದೆ, ಮೂಗು ಮುಂದಕ್ಕೆ ಚಾಚಿರ್ತದೆ. ಸಪಾಟಿಗೆ ಹತ್ತಿರ ಇರೋದು ಹಣೆ ಮತ್ತು ಹುಬ್ಬುಗಳ ನಡುವಿನ ಜಾಗ. ಅಲ್ಲೊಂದು ಗೆರೆ ಎಳೆದು, ಬಾಳೆ ಎಲೆ ಅಡ್ಡ ಬರೋ ಫ್ರೇಮುಗಳಲ್ಲಿ ಎಲೆಯ ಸುತ್ತ ಇನ್ನೊಂದು ಗೆರೆ ಎಳೆದು "ಇದನ್ನ ಲೆಕ್ಕಕ್ಕೆ ತಗೋಬೇಡ" ಅಂತ ಹೇಳಬೇಕು. ಇಲ್ಲಾಂದ್ರ ಟ್ರ್ಯಾಕ್ ಎಲೆ ಹಿಂದೆ ಓಡ್ತದೆ.

ಆಮೇಲೆ ಕಾಡೋದು ಮೆಲ್ಲಗೆ ಜಾರೋದು. ಫ್ರೇಮಿಗೆ 0.1 ಪಿಕ್ಸೆಲ್ ತಪ್ಪು ಯಾರ ಕಣ್ಣಿಗೂ ಬೀಳಲ್ಲ. ಒಂದೇ ದಿಕ್ಕಿನಲ್ಲಿ ಕೂಡ್ತಾ ಹೋದರೆ 150ನೇ ಫ್ರೇಮಿಗೆ 15 ಪಿಕ್ಸೆಲ್. ಮುಖ 300 ಪಿಕ್ಸೆಲ್ ಅಗಲ ಇದ್ದರೆ ಕಣ್ಣು ಸುಮಾರು 60, ಅಂದರೆ ಮುಖ ಕಾಲು ಕಣ್ಣಿನಷ್ಟು ಜಾರಿರ್ತದೆ. ಮುಖ ನೇರವಾಗಿ ಕಾಣೋ ನಡುವಿನ 75ನೇ ಫ್ರೇಮಿನಿಂದ ಶುರು ಮಾಡಿ ಮುಂದಕ್ಕೂ ಹಿಂದಕ್ಕೂ ಟ್ರ್ಯಾಕ್ ಮಾಡಿದರೆ ಅದು ಅರ್ಧಕ್ಕೆ ಇಳೀತದೆ. ಪರೀಕ್ಷೆ ಸುಲಭ: ಹಣೆ ಮೇಲೆ ಚೌಕುಳಿ ಜಾಲರಿ ಅಂಟಿಸಿ ಓಡಿಸಿ ನೋಡಿ. ಜಾಲರಿ ಚರ್ಮದ ಮೇಲೆ ಹಚ್ಚೆಯಂಗೆ ಕೂತಿದ್ದರೆ ಸರಿ, ತೇಲಿದಂಗೆ ಕಂಡರೆ ಜಾರಿದೆ.

ಕೂತಿತು ಅಂದಮೇಲೆ ಅದೇ ಎಂಟು ಸಂಖ್ಯೆಗಳನ್ನ ಉಲ್ಟಾ ಹಾಕಬೇಕು. ಆಗ ಹಣೆ ಕಲ್ಲಿನಂಗೆ ನಿಂತು ತೋಟವೇ ತೂಗಾಡ್ತದೆ. ಆ ನಿಂತ ಮುಖದ ಮೇಲೆ ಅಣ್ಣನ ಮುಖ ಇಟ್ಟು, ಬಣ್ಣ ಕೂಡಿಸಿ, ಅಂಚು ಮೆತ್ತಗೆ ಮಾಡಿ, ಚಲನೆ ವಾಪಸ್ ಕೊಡಬೇಕು. ತಮ್ಮ ಬಾಳೆಗೊನೆ ಕಡೆ ಪೂರ್ತಿ ತಿರುಗಿದ ಕೊನೇ 20 ಫ್ರೇಮುಗಳಲ್ಲಿ ಇದು ನಡೆಯಲ್ಲ. ಪಕ್ಕದಿಂದ ನೋಡಿದ ತಲೆ ಸಪಾಟು ತುಂಡಲ್ಲ, ಅದಕ್ಕೆ ತಲೆಯ ತ್ರೀಡಿ ಮಾದರಿಯೇ ಬೇಕು, ನಾಗರಹಾವಿನಲ್ಲಿ ಇಡೀ ತಲೆ ಮಾಡಿದಂಗೆ. ನಾವು ಆ 20 ಫ್ರೇಮ್ ಕತ್ತರಿಸಿ, ಅಲ್ಲಿ ಕೆಂಪು ಬಾಳೆಗೊನೆಯ ಕ್ಲೋಸಪ್ ಹಾಕಿದೀವಿ.

#ಕಲಬುರಗಿ #ಕಮಲಾಪುರ #ವಿಡಿಯೋಎಡಿಟಿಂಗ್